ಹ್ಯಾಶ್ ಡಿಕ್ರಿಪ್ಟ್ ಆಗಲ್ಲ, ಆದರೂ ಫೋನ್ ನಂಬರ್ ಹೇಗೆ ಸಿಗುತ್ತದೆ?

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವರೂ ಕಾಲೇಜು ವಿದ್ಯಾರ್ಥಿಗಳೂ ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತು ಇದು. ಪರದೆಯ ಮೇಲೆ ತೋರಿಸಿದ್ದನ್ನೂ, ಕೊನೆಯ ಪ್ರಶ್ನೆಗಳನ್ನೂ ಸೇರಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

"ಸದ್ಯಕ್ಕೆ ಹ್ಯಾಶ್ ಮಾಡಿ ಇಟ್ಟಿರೋಣ, ಬೇಕಾದಾಗ ಡಿಕ್ರಿಪ್ಟ್ ಮಾಡ್ಕೊಂಡ್ರಾಯ್ತು." ಈ ಮಾತನ್ನು ನಿಮ್ಮಲ್ಲಿ ತುಂಬ ಜನ ಯಾವುದಾದರೂ ಮೀಟಿಂಗಿನಲ್ಲಿ ಕೇಳಿರುತ್ತೀರಿ. ಇವತ್ತು ಮಾತಾಡುವುದು ಈ ಒಂದು ವಾಕ್ಯದ ಬಗ್ಗೆ ಮಾತ್ರ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಆಗಲ್ಲ. ಹ್ಯಾಶ್ ಬೇರೆ, ಎನ್‌ಕ್ರಿಪ್ಷನ್ ಬೇರೆ. ಹ್ಯಾಶ್ ಅಂದರೆ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆದ ಒಂದು ಗುರುತು, ಎನ್‌ಕ್ರಿಪ್ಷನ್ ಅಂದರೆ ಮಾಹಿತಿಗೇ ಕೀ ಬಳಸಿ ಬೀಗ ಹಾಕುವುದು. ಎನ್‌ಕ್ರಿಪ್ಟ್ ಮಾಡಿದ್ದನ್ನು ಡಿಕ್ರಿಪ್ಟ್ ಮಾಡಬಹುದು. ಹ್ಯಾಶ್‌ಗೆ ಡಿಕ್ರಿಪ್ಟ್ ಅನ್ನುವ ಕ್ರಿಯೆಯೇ ಇಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಆ ಮಾತು ಹೇಳುವವರು ಸುಮ್ನೆ ಹೇಳುತ್ತಿರುವುದಿಲ್ಲ. ಯಾವುದೋ ವೆಬ್‌ಸೈಟಿಗೆ ಒಂದು ಹ್ಯಾಶ್ ಹಾಕಿ, ಅದರ ಮೂಲ ಪದ ಹೊರಗೆ ಬಂದದ್ದನ್ನು ಕಣ್ಣಾರೆ ನೋಡಿರುತ್ತಾರೆ. "ನೋಡಿ ಸಾರ್, ಡಿಕ್ರಿಪ್ಟ್ ಆಯ್ತಲ್ಲ" ಅನ್ನುತ್ತಾರೆ. ಅವರು ನೋಡಿದ್ದು ನಿಜ. ಅದಕ್ಕೆ ಇಟ್ಟ ಹೆಸರು ತಪ್ಪು. ಅಲ್ಲಿ ನಡೆದದ್ದೇನು ಅಂತ ಗೊತ್ತಾಗದಿದ್ದರೆ ಎರಡು ಕಡೆಯಿಂದಲೂ ಪೆಟ್ಟು ಬೀಳುತ್ತದೆ. ವಾಪಸ್ ಬೇಕಾದ ಮಾಹಿತಿ ಕಳೆದುಹೋಗುತ್ತದೆ, ಗುಟ್ಟಾಗಿರಬೇಕಾದ ಮಾಹಿತಿ ಬೀದಿಗೆ ಬರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಸವನಗುಡಿಯಲ್ಲಿ ಒಂದು ಕ್ಲಿನಿಕ್ ಇದೆ ಅಂದುಕೊಳ್ಳಿ. ಅವರಿಗೆ ಒಬ್ಬ ಹುಡುಗ ಆ್ಯಪ್ ಮಾಡಿಕೊಟ್ಟಿದ್ದಾನೆ. ರೋಗಿಗಳ ಟೇಬಲ್‌ನಲ್ಲಿ ಮೂರು ಕಾಲಂ: ರಕ್ತದ ಗುಂಪು, ಮೊಬೈಲ್ ನಂಬರ್, ಡಾಕ್ಟರ್ ಬರೆದ ಟಿಪ್ಪಣಿ. ಸೇಫಾಗಿರಲಿ ಅಂತ ಮೂರನ್ನೂ ಶಾ-256 ಹ್ಯಾಶ್ ಮಾಡಿ ಇಟ್ಟಿದ್ದಾನೆ. ಮೂಲ ಎಲ್ಲೂ ಇಲ್ಲ. ಆರು ತಿಂಗಳಾದ ಮೇಲೆ ಡಾಕ್ಟರ್ ಕೇಳುತ್ತಾರೆ, "ಎಲ್ಲರಿಗೂ ಫೋನ್ ಮಾಡಬೇಕು, ಹಳೇ ಟಿಪ್ಪಣಿನೂ ನೋಡಬೇಕು, ತೆಗೆದುಕೊಡಪ್ಪ." ಈಗ ಏನಾಗುತ್ತದೆ?

ಅದಕ್ಕೆ ಮೊದಲು ಹ್ಯಾಶ್ ಅಂದರೆ ಏನು ಹೊರಗೆ ಬರುತ್ತದೆ ಅಂತ ನೋಡೋಣ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದ್ದರೆ ಈಗಲೇ ಮಾಡಿ ನೋಡಿ.

```
$ printf '%s' 'abc' | sha256sum
ba7816bf8f01cfea414140de5dae2223b00361a396177a9cb410ff61f20015ad  -
```

ಮೂರು ಅಕ್ಷರ ಹಾಕಿದೆವು, 64 ಅಕ್ಷರ ಬಂತು. ಇದೇ ಕಮಾಂಡಿಗೆ ಎರಡು ಜಿಬಿಯ ಸಿನಿಮಾ ಫೈಲ್ ಕೊಡಿ. ಆಗಲೂ ಬರುವುದು 64 ಅಕ್ಷರವೇ. ಒಂದು ಅಕ್ಷರವೂ ಜಾಸ್ತಿ ಬರಲ್ಲ. ಆ 64 ಅಕ್ಷರ ಅಂದರೆ 32 ಬೈಟ್. ಅದರೊಳಗೆ ಇಡೀ ಸಿನಿಮಾ ಅಡಗಿ ಕೂತಿರಲು ಸಾಧ್ಯವೇ ಇಲ್ಲ, ಅಲ್ವಾ? ಇಲ್ಲದ ವಸ್ತುವನ್ನು ಯಾರು ಹೊರಗೆ ತೆಗೆಯುತ್ತಾರೆ? ಇದು ಕಂಪ್ಯೂಟರಿನ ವೇಗಕ್ಕೆ ಸಂಬಂಧಪಟ್ಟ ವಿಷಯವಲ್ಲ. ಎಷ್ಟೇ ದೊಡ್ಡ ಮಷೀನ್ ತಂದರೂ ಆ 32 ಬೈಟಿನಲ್ಲಿ ಸಿನಿಮಾ ಇರುವುದಿಲ್ಲ.

ಈಗ ಎನ್‌ಕ್ರಿಪ್ಷನ್ ನೋಡಿ. ಕೆಳಗಿನ ಕಮಾಂಡ್ ಕೊಟ್ಟರೆ ಅದು ಮೊದಲು ನಿಮ್ಮನ್ನು ಪಾಸ್‌ವರ್ಡ್ ಕೇಳುತ್ತದೆ. ಆ ಪಾಸ್‌ವರ್ಡಿನಿಂದಲೇ ಕೀ ತಯಾರಾಗುವುದು.

```
$ printf '%s' 'abc' | openssl enc -aes-256-cbc -pbkdf2 -base64
```

ಬರುವ ಉತ್ತರ `U2FsdGVkX1` ಅಂತ ಶುರುವಾಗುತ್ತದೆ. ಅದೇ ಪಾಸ್‌ವರ್ಡ್ ಕೊಟ್ಟು ಇನ್ನೊಮ್ಮೆ ಮಾಡಿ, ಮುಂದಿನ ಭಾಗ ಬೇರೆಯೇ ಬರುತ್ತದೆ. ದೊಡ್ಡ ಫೈಲ್ ಕೊಟ್ಟರೆ ಉತ್ತರವೂ ಅದಕ್ಕೆ ತಕ್ಕಷ್ಟು ಉದ್ದ ಬರುತ್ತದೆ, ಯಾಕೆಂದರೆ ಮಾಹಿತಿ ಪೂರ್ತಿ ಅಲ್ಲೇ ಇದೆ, ಬೀಗ ಹಾಕಿಕೊಂಡು ಕೂತಿದೆ. ಕಮಾಂಡಿಗೆ ಒಂದು `-d` ಸೇರಿಸಿ ಅದೇ ಪಾಸ್‌ವರ್ಡ್ ಕೊಟ್ಟರೆ ಮೂಲ ವಾಪಸ್ ಬರುತ್ತದೆ.

ಇನ್ನು `sha256sum --help` ಅಂತ ಹೊಡೆದು ನೋಡಿ. ಅದರಲ್ಲಿ `-c` ಇದೆ, ಫೈಲ್ ಸರಿಯಾಗಿದೆಯಾ ಅಂತ ತಾಳೆ ನೋಡುವುದಕ್ಕೆ. `-d` ಇಲ್ಲ. ಬರೆದವರು ಮರೆತದ್ದಲ್ಲ. ಅಂಥದ್ದೊಂದು ಇರಲು ಸಾಧ್ಯವಿಲ್ಲ, ಅದಕ್ಕೇ ಇಲ್ಲ.

ಈ ವ್ಯತ್ಯಾಸವನ್ನು ಹೇಳಲು ತುಂಬ ಜನ ರಾಗಿ ಹಿಟ್ಟಿನ ಹೋಲಿಕೆ ಕೊಡುತ್ತಾರೆ. ಬೀಸಿದ ಮೇಲೆ ಹಿಟ್ಟಿನಿಂದ ರಾಗಿ ಕಾಳು ಮಾಡಕ್ಕಾಗಲ್ಲ, ಹಾಗೇ ಹ್ಯಾಶ್ ಕೂಡ ಅಂತ. ನನಗೆ ಈ ಹೋಲಿಕೆ ಅಷ್ಟು ಇಷ್ಟವಿಲ್ಲ. ಅರ್ಧ ಸರಿ, ಆದರೆ ಕೇಳಿದವರಿಗೆ "ಹಾಗಾದ್ರೆ ಹ್ಯಾಶ್ ಮಾಡಿಬಿಟ್ಟರೆ ಸೇಫ್" ಅನ್ನುವ ನೆಮ್ಮದಿ ಕೊಟ್ಟುಬಿಡುತ್ತದೆ. ಹ್ಯಾಶ್‌ನಲ್ಲಿ ಇನ್ನೊಂದು ಗುಣ ಇದೆ: ಒಳಗೆ ಹಾಕಿದ್ದು ಒಂದೇ ಆದರೆ ಹೊರಗೆ ಬರುವುದೂ ಪ್ರತಿಸಲ ಒಂದೇ. ಚೂರೂ ಬದಲಾಗಲ್ಲ. ಎಲ್ಲ ಕಿತಾಪತಿ ಶುರುವಾಗುವುದು ಇಲ್ಲಿಂದ.

ಆ "ಡಿಕ್ರಿಪ್ಟ್" ವೆಬ್‌ಸೈಟುಗಳು ಈ ಗುಣವನ್ನೇ ನಂಬಿಕೊಂಡಿವೆ. ಅವರು ಮಾಡಿರುವುದಿಷ್ಟೇ. ಜನ ಬಳಸುವ ಪಾಸ್‌ವರ್ಡ್, ಹೆಸರು, ನಿಘಂಟಿನ ಪದ, ಹುಟ್ಟಿದ ತಾರೀಕು ಎಲ್ಲವನ್ನೂ ಮೊದಲೇ ಹ್ಯಾಶ್ ಮಾಡಿ ಒಂದು ದೊಡ್ಡ ಪಟ್ಟಿ ಬರೆದಿಟ್ಟುಕೊಂಡಿದ್ದಾರೆ. ನೀವು `e10adc3949ba59abbe56e057f20f883e` ಅಂತ ಹಾಕಿದ ತಕ್ಷಣ ಪಟ್ಟಿ ಹುಡುಕಿ "123456" ಅಂತ ಹೇಳುತ್ತಾರೆ. ಅದು ಎಂಡಿ5 ಎಂಬ ಇನ್ನೊಂದು ವಿಧಾನದ ಹ್ಯಾಶ್, ಆ ಪಟ್ಟಿಗಳಲ್ಲಿ ಇದ್ದೇ ಇರುತ್ತದೆ. ಈಗ ಒಂದು ಪರೀಕ್ಷೆ ಮಾಡಿ. ಕೀಬೋರ್ಡಿನ ಮೇಲೆ ಕಣ್ಣು ಮುಚ್ಚಿಕೊಂಡು ಇಪ್ಪತ್ತೈದು ಅಕ್ಷರ ಒತ್ತಿ, ಅದರ ಹ್ಯಾಶ್ ತೆಗೆದು ಅದೇ ಸೈಟಿಗೆ ಹಾಕಿ. "ಸಿಗಲಿಲ್ಲ" ಅನ್ನುತ್ತದೆ. ನಿಜವಾದ ಡಿಕ್ರಿಪ್ಷನ್‌ಗೆ ಒಳಗಿರುವುದು ಸುಲಭದ ಪದವೋ ಕಷ್ಟದ ಪದವೋ ಅನ್ನುವ ಲೆಕ್ಕವೇ ಇರುವುದಿಲ್ಲ, ಸರಿಯಾದ ಕೀ ಇದ್ದರೆ ಸಾಕು. ಈ ಸೈಟು ನಿಮ್ಮನ್ನು ಕೀ ಕೇಳಲೇ ಇಲ್ಲ, ಗಮನಿಸಿದಿರಾ?

ಸರಿ, ಬಸವನಗುಡಿಗೆ ವಾಪಸ್ ಹೋಗೋಣ.

ಮೊದಲನೇ ಕಾಲಂ ರಕ್ತದ ಗುಂಪು. ಎ, ಬಿ, ಎಬಿ, ಓ, ಅದಕ್ಕೆ ಪಾಸಿಟಿವ್ ನೆಗೆಟಿವ್ ಸೇರಿ ಒಟ್ಟು ಎಂಟೇ. ಎಂಟು ಹ್ಯಾಶ್ ತೆಗೆದು ಚೀಟಿಯಲ್ಲಿ ಬರೆದುಕೊಂಡು ತಾಳೆ ನೋಡಿದರೆ ಇಡೀ ಕಾಲಂ ಓದಬಹುದು. ಇದಕ್ಕೆ ಪ್ರೋಗ್ರಾಂ ಕೂಡ ಬೇಡ.

ಎರಡನೇದು ಮೊಬೈಲ್ ನಂಬರ್. ಇಲ್ಲಿ ಸ್ವಲ್ಪ ಲೆಕ್ಕ ಇದೆ. ನಮ್ಮ ದೇಶದ ಮೊಬೈಲ್ ನಂಬರಿನಲ್ಲಿ ಹತ್ತು ಅಂಕಿ, ಮೊದಲನೆಯದು 6, 7, 8 ಅಥವಾ 9. ಅಂದರೆ ಸಾಧ್ಯವಿರುವ ನಂಬರುಗಳು ಒಟ್ಟು 400 ಕೋಟಿ. ಕೇಳುವುದಕ್ಕೆ ದೊಡ್ಡದು. ಪ್ರೋಗ್ರಾಂ ಮಾತ್ರ ಇಷ್ಟೇ:

```python
import hashlib
target = 'ಟೇಬಲ್ಲಿನ ಹ್ಯಾಶ್ ಇಲ್ಲಿ ಹಾಕಿ'
for n in range(6000000000, 10000000000):
    h = hashlib.sha256(str(n).encode()).hexdigest()
    if h == target:
        print(n)
        break
```

ಪೈಥಾನ್ ನಿಧಾನದ ಭಾಷೆ. ಆದರೂ ಸೆಕೆಂಡಿಗೆ ಸುಮಾರು 10 ಲಕ್ಷ ಹ್ಯಾಶ್ ಅಂತ ಹಿಡಿದರೆ 4,000 ಸೆಕೆಂಡ್ ಆಗುತ್ತದೆ, ಒಂದು ಗಂಟೆ ಚಿಲ್ಲರೆ. ಗೇಮ್ ಆಡಲು ಕೊಳ್ಳುವ ಒಳ್ಳೇ ಜಿಪಿಯು ಇದ್ದರೆ ಕಥೆಯೇ ಬೇರೆ. ಈಗಿನ ಮೇಲ್ದರ್ಜೆಯ ಒಂದು ಕಾರ್ಡ್ ಸೆಕೆಂಡಿಗೆ 2,000 ಕೋಟಿಗೂ ಜಾಸ್ತಿ ಶಾ-256 ಮಾಡುತ್ತದೆ. 400 ಕೋಟಿ ಅದಕ್ಕೆ ಒಂದು ಸೆಕೆಂಡಿನ ಕೆಲಸವೂ ಅಲ್ಲ. ಒಂದು ಸುತ್ತು ಮುಗಿಸಿದರೆ ಟೇಬಲ್‌ನಲ್ಲಿರುವ ಎಲ್ಲ ನಂಬರುಗಳೂ ಒಟ್ಟಿಗೇ ಸಿಗುತ್ತವೆ, ಯಾಕೆಂದರೆ ಪ್ರತಿ ಹ್ಯಾಶನ್ನೂ ಇಡೀ ಟೇಬಲ್ ಜೊತೆ ತಾಳೆ ನೋಡಬಹುದು.

ಮೂರನೇದು ಡಾಕ್ಟರ ಟಿಪ್ಪಣಿ. ನಾಲ್ಕೈದು ಸಾಲು, ಅರ್ಧ ಇಂಗ್ಲಿಷ್, ಅರ್ಧ ಕನ್ನಡ, ಡಾಕ್ಟರಿಗೆ ಮಾತ್ರ ಅರ್ಥವಾಗುವ ಸಂಕ್ಷೇಪಗಳು, ಮಧ್ಯೆ ಟೈಪಿಂಗ್ ತಪ್ಪು. ಇದನ್ನು ಒಂದು ಚುಕ್ಕೆ, ಒಂದು ಸ್ಪೇಸ್ ಕೂಡ ತಪ್ಪದೆ ಊಹಿಸಬೇಕು. ಒಂದು ಚುಕ್ಕೆ ತಪ್ಪಿದರೂ ಹ್ಯಾಶ್ ಪೂರ್ತಿ ಬೇರೆ ಬರುತ್ತದೆ, "ಹತ್ತಿರ ಬಂದಿದ್ದೀರಿ" ಅಂತ ಸುಳಿವೂ ಕೊಡುವುದಿಲ್ಲ. ಹಾಗಾಗಿ ಆ ಟಿಪ್ಪಣಿ ಹೋಯಿತು. ಯಾರಿಗೂ ಸಿಗುವುದಿಲ್ಲ, ಕ್ಲಿನಿಕ್‌ನವರಿಗೂ ಇಲ್ಲ.

ಮೂರಕ್ಕೂ ಬಳಸಿದ್ದು ಒಂದೇ ಹ್ಯಾಶ್. ಡಿಕ್ರಿಪ್ಷನ್ ಅನ್ನುವುದು ನಿಜಕ್ಕೂ ಇದ್ದಿದ್ದರೆ ಮೂರೂ ವಾಪಸ್ ಬರಬೇಕಿತ್ತು. ಬಂದದ್ದು ಎರಡು. ಆ ಎರಡೂ ಹ್ಯಾಶ್ ಒಳಗಿಂದ ಬಂದದ್ದಲ್ಲ, ನಾವೇ ಹೊರಗಿನಿಂದ ಒಂದೊಂದಾಗಿ ತಂದು ಹೊಂದಿಸಿ ನೋಡಿದ್ದು. ಫೋನ್ ನಂಬರನ್ನು ಸೇವ್ ಮಾಡುವಾಗ ಮುಂದೆ `+91` ಹಾಕಿ ಒಂದು ಸ್ಪೇಸ್ ಬಿಟ್ಟಿದ್ದರೆ ಮೇಲಿನ ಪ್ರೋಗ್ರಾಂ 400 ಕೋಟಿ ಸುತ್ತಿದರೂ ಒಂದೂ ಸಿಗುತ್ತಿರಲಿಲ್ಲ. ಬರೆದ ರೀತಿಯನ್ನೂ ಊಹಿಸಿ ಮತ್ತೆ ಸುತ್ತಬೇಕು. ಡಿಕ್ರಿಪ್ಟ್ ಮಾಡುವವರಿಗೆ ಇಂಥ ಪರದಾಟ ಇರುವುದಿಲ್ಲ.

ಇದು ಬರೀ ಊಹೆಯ ಕಥೆ ಅಂದುಕೊಳ್ಳಬೇಡಿ. 2014ರಲ್ಲಿ ನ್ಯೂಯಾರ್ಕ್ ನಗರದ ಟ್ಯಾಕ್ಸಿ ಓಡಾಟದ ಮಾಹಿತಿ, ಹಿಂದಿನ ವರ್ಷದ್ದು, ಸಾರ್ವಜನಿಕರ ಕೈಗೆ ಬಂತು. ಅಲ್ಲಿನ ಮಾಹಿತಿ ಹಕ್ಕಿನ ಕಾನೂನಿನಡಿ ಒಬ್ಬರು ಕೇಳಿ ಪಡೆದದ್ದು. ಕೋಟಿಗಟ್ಟಲೆ ಟ್ರಿಪ್: ಎಲ್ಲಿ ಹತ್ತಿದರು, ಎಲ್ಲಿ ಇಳಿದರು, ಎಷ್ಟು ದುಡ್ಡು ಎಲ್ಲವೂ ಇತ್ತು. ಚಾಲಕರ ಗುರುತು ತಿಳಿಯಬಾರದು ಅಂತ ಟ್ಯಾಕ್ಸಿಯ ನಂಬರನ್ನೂ ಚಾಲಕರ ಲೈಸೆನ್ಸ್ ನಂಬರನ್ನೂ ಎಂಡಿ5 ಹ್ಯಾಶ್ ಮಾಡಿ ಕೊಟ್ಟಿದ್ದರು.

ಆ ಮಾಹಿತಿಯನ್ನು ನೋಡುತ್ತಿದ್ದವರಿಗೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಒಂದೇ ಗುರುತಿನ ಮೇಲೆ ಒಬ್ಬ ಮನುಷ್ಯ ಓಡಿಸಲು ಸಾಧ್ಯವೇ ಇಲ್ಲದಷ್ಟು ಟ್ರಿಪ್ ಇದ್ದವು. ಆ ಗುರುತು `CFCD208495D565EF66E7DFF9F98764DA`. ನೀವೂ ಮಾಡಿ ನೋಡಿ:

```
$ printf '%s' '0' | md5sum
cfcd208495d565ef66e7dff9f98764da  -
```

ಅದು "0" ಅನ್ನುವ ಒಂದೇ ಅಂಕಿಯ ಹ್ಯಾಶ್! ನಂಬರ್ ಸರಿಯಾಗಿ ದಾಖಲಾಗದ ಟ್ರಿಪ್‌ಗಳೆಲ್ಲ ಸೊನ್ನೆಯಾಗಿ ಅಲ್ಲಿಗೆ ಸೇರಿದ್ದವು. ಇದನ್ನು ನೋಡಿದ ಮೇಲೆ ವಿಜಯ್ ಪಾಂಡುರಂಗನ್ ಎಂಬ ಎಂಜಿನಿಯರ್‌ಗೆ ಇಲ್ಲಿ ನಂಬರಿನ ಜೊತೆ ಬೇರೇನನ್ನೂ ಸೇರಿಸದೆ ಹ್ಯಾಶ್ ಮಾಡಿದ್ದಾರೆ ಅಂತ ಗೊತ್ತಾಯಿತು. ಅಲ್ಲಿನ ಲೈಸೆನ್ಸ್ ನಂಬರ್ ಆರು ಅಂಕಿಯದ್ದು, ಇಲ್ಲವೇ 5ರಿಂದ ಶುರುವಾಗುವ ಏಳು ಅಂಕಿಯದ್ದು. ಅಂದರೆ 20 ಲಕ್ಷ ಅಷ್ಟೇ. ಟ್ಯಾಕ್ಸಿಯ ನಂಬರುಗಳಿಗೂ ಗೊತ್ತಿರುವ ಕೆಲವೇ ಮಾದರಿಗಳು. ಅವರು ಎಲ್ಲವನ್ನೂ ಹ್ಯಾಶ್ ಮಾಡಿ ಪಟ್ಟಿ ಮಾಡಿಕೊಂಡು, ಇಡೀ ಮಾಹಿತಿಯ ಗುರುತುಗಳನ್ನು ಬಿಡಿಸಿ ತೋರಿಸಿದರು.

ನಮ್ಮ ಊರಿನ ಗಾಡಿ ನಂಬರುಗಳಿಗೆ ಇದೇ ಲೆಕ್ಕ ಹಾಕಿ ನೋಡಿ. ಕೆಎ ಆದ ಮೇಲೆ ಎರಡು ಅಂಕಿ, ಎರಡು ಅಕ್ಷರ, ನಾಲ್ಕು ಅಂಕಿ. ಎಲ್ಲ ಸೇರಿಸಿದರೆ ಹೆಚ್ಚುಕಮ್ಮಿ 67 ಕೋಟಿ. ಮೇಲಿನ ಪೈಥಾನ್ ಪ್ರೋಗ್ರಾಮಿಗೆ ಇದು ಹನ್ನೊಂದು ಹನ್ನೆರಡು ನಿಮಿಷದ ಕೆಲಸ. ಸಿಲ್ಕ್ ಬೋರ್ಡ್ ಸಿಗ್ನಲ್ ದಾಟುವಷ್ಟರಲ್ಲಿ ಮುಗಿದಿರುತ್ತದೆ.

"ಸಾಲ್ಟ್ ಹಾಕಿದ್ರೆ ಆಯ್ತಲ್ಲ?" ಅಂತ ಈಗ ಯಾರಾದರೂ ಕೇಳಬೇಕು. ಸಾಲ್ಟ್ ಅಂದರೆ ಪ್ರತಿ ಸಾಲಿಗೂ ಬೇರೆ ಬೇರೆ ರ‍್ಯಾಂಡಮ್ ಅಕ್ಷರಗಳನ್ನು ಸೇರಿಸಿ ಹ್ಯಾಶ್ ಮಾಡುವುದು. ಅದರಿಂದ ಮೊದಲೇ ಮಾಡಿಟ್ಟ ಪಟ್ಟಿ ಕೆಲಸಕ್ಕೆ ಬರುವುದಿಲ್ಲ, ಒಂದೇ ಸುತ್ತಿನಲ್ಲಿ ಎಲ್ಲವೂ ಸಿಗುವುದೂ ನಿಲ್ಲುತ್ತದೆ. ಒಳ್ಳೆಯದೇ. ಆದರೆ ಸಾಲ್ಟ್ ಗುಟ್ಟಲ್ಲ, ಅದು ಅದೇ ಸಾಲಿನಲ್ಲಿ ಪಕ್ಕದಲ್ಲೇ ಬರೆದಿರುತ್ತದೆ. ಡೇಟಾಬೇಸ್ ಕದ್ದವನ ಕೈಗೆ ಅದೂ ಸಿಗುತ್ತದೆ. ಆಗ ಒಬ್ಬ ರೋಗಿಗೆ ಒಂದು ಸುತ್ತು, ಮೇಲೆ ಹೇಳಿದ ಜಿಪಿಯುನಲ್ಲಿ ಒಂದು ಸುತ್ತಿಗೆ ಒಂದು ಸೆಕೆಂಡಿಗಿಂತ ಕಮ್ಮಿ. ಐದು ಸಾವಿರ ರೋಗಿಗಳಿದ್ದರೂ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಫೋನ್ ನಂಬರಿಗೆ ಸಾಲ್ಟ್ ಒಂದೇ ಸಾಲದು.

ಹಾಗಾದರೆ ಆ ಹುಡುಗ ಏನು ಮಾಡಬೇಕಿತ್ತು? ಡಾಕ್ಟರಿಗೆ ಟಿಪ್ಪಣಿ ಓದಬೇಕು, ನಂಬರಿಗೆ ಫೋನ್ ಮಾಡಬೇಕು. ಅಂದರೆ ಮೂಲ ವಾಪಸ್ ಬೇಕು. ವಾಪಸ್ ಬೇಕಾದದ್ದಕ್ಕೆ ಎನ್‌ಕ್ರಿಪ್ಷನ್. ಎಇಎಸ್‌ನ ಜಿಸಿಎಂ ವಿಧಾನ ಬಳಸಿ ಎನ್‌ಕ್ರಿಪ್ಟ್ ಮಾಡಿ, ಕೀಯನ್ನು ಡೇಟಾಬೇಸಿನಿಂದ ಹೊರಗೆ ಬೇರೆ ಕಡೆ ಇಡಬೇಕು. ಕ್ಲೌಡ್‌ನಲ್ಲಿ ಕೀ ಇಡುವುದಕ್ಕೆ ಅಂತಲೇ ಸೇವೆಗಳಿವೆ. ಕೀಯನ್ನು ಅದೇ ಟೇಬಲ್‌ನ ಪಕ್ಕದ ಟೇಬಲ್‌ನಲ್ಲಿ ಇಟ್ಟರೆ, ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ.

ಇಲ್ಲೊಂದು ತೊಡಕು ಬರುತ್ತದೆ. ರೋಗಿ ಬಂದು ನಂಬರ್ ಹೇಳಿದಾಗ ಅವರ ಸಾಲನ್ನು ಹುಡುಕಬೇಕು. ಸರಿಯಾಗಿ ಎನ್‌ಕ್ರಿಪ್ಟ್ ಮಾಡಿದರೆ ಅದೇ ನಂಬರ್ ಪ್ರತಿಸಲ ಬೇರೆ ಬೇರೆ ರೂಪದಲ್ಲಿ ಬರುತ್ತದೆ, ಆಗಲೇ ನೋಡಿದೆವಲ್ಲ. ಹುಡುಕುವುದು ಹೇಗೆ? ಅದಕ್ಕೆ ಪಕ್ಕದಲ್ಲಿ ಇನ್ನೊಂದು ಕಾಲಂ ಇಡುತ್ತಾರೆ, ಎಚ್‌ಮ್ಯಾಕ್‌ದು. ಅದು ಗುಟ್ಟಾದ ಕೀ ಸೇರಿಸಿ ಮಾಡುವ ಹ್ಯಾಶ್. ಅದೇ ನಂಬರಿಗೆ ಅದೇ ಉತ್ತರ ಬರುತ್ತದೆ, ಹಾಗಾಗಿ ಹುಡುಕಬಹುದು. ಕೀ ಗೊತ್ತಿಲ್ಲದವರು 400 ಕೋಟಿ ಸುತ್ತಿದರೂ ಪ್ರಯೋಜನವಿಲ್ಲ. ಒಂದು ಮಾತು: ಇಲ್ಲಿ ಕೀ ಇದೆ ಅಂದ ಮಾತ್ರಕ್ಕೆ ಎಚ್‌ಮ್ಯಾಕ್ ಡಿಕ್ರಿಪ್ಟ್ ಆಗುತ್ತದೆ ಅಂದುಕೊಳ್ಳಬೇಡಿ. ಕೀ ಇದ್ದವರಿಗೂ ಅದು ತಾಳೆ ನೋಡುವುದಕ್ಕೆ ಮಾತ್ರ. ಮತ್ತೆ, ಹ್ಯಾಶ್ ಮಾಡುವ ಮೊದಲು ನಂಬರನ್ನು ಒಂದೇ ರೂಪಕ್ಕೆ ತನ್ನಿ. ಒಮ್ಮೆ ಮುಂದೆ ಸೊನ್ನೆ, ಒಮ್ಮೆ `+91` ಅಂತ ಇದ್ದರೆ ಅದೇ ರೋಗಿ ಇಬ್ಬರಾಗುತ್ತಾರೆ.

ಮಾತು ಮುಗಿದ ಮೇಲೆ ಮೂರು ಪ್ರಶ್ನೆ ಬಂದವು.

ಮೊದಲನೆಯದು: "ಎಂಡಿ5 ಮುರಿದುಹೋಗಿದೆ ಅಂತಾರಲ್ಲ, ಹಾಗಂದ್ರೆ ಡಿಕ್ರಿಪ್ಟ್ ಆಗುತ್ತೆ ಅಂತಲೇ ಅಲ್ವಾ?" ಅಲ್ಲ. 2004ರಲ್ಲಿ ಚೀನಾದ ಸಂಶೋಧಕರು ಎಂಡಿ5ನಲ್ಲಿ ಎರಡು ಬೇರೆ ಬೇರೆ ಮಾಹಿತಿಗೆ ಒಂದೇ ಹ್ಯಾಶ್ ಬರುವಂತೆ ಮಾಡಿ ತೋರಿಸಿದರು. 2017ರಲ್ಲಿ ಗೂಗಲ್ ಮತ್ತು ನೆದರ್ಲೆಂಡ್ಸ್‌ನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆ ಸೇರಿ ಶಾ-1ಗೂ ಹಾಗೇ ಮಾಡಿದವು. ಒಂದೇ ಹ್ಯಾಶ್ ಇರುವ ಎರಡು ಬೇರೆ ಪಿಡಿಎಫ್ ಫೈಲ್. ಸಹಿ, ಸರ್ಟಿಫಿಕೇಟ್ ಇಂಥ ಕಡೆ ಇದು ದೊಡ್ಡ ಅಪಾಯ, ಹಾಗಾಗಿ ಬಿಡಬೇಕು. ಆದರೆ ಅಲ್ಲಿ ಎರಡು ಫೈಲುಗಳನ್ನೂ ಮಾಡಿದವರು ಅವರೇ. ಯಾರದೋ ಹ್ಯಾಶ್ ಹಿಡಿದು ಅದರ ಮೂಲ ತೆಗೆದದ್ದಲ್ಲ. ನಿಜ ಹೇಳಬೇಕೆಂದರೆ, ಎರಡು ಮೂಲಗಳಿಗೆ ಒಂದೇ ಹ್ಯಾಶ್ ಬರಬಹುದು ಅನ್ನುವುದೇ ಡಿಕ್ರಿಪ್ಟ್ ವಾದಕ್ಕೆ ವಿರುದ್ಧದ ಸಾಕ್ಷಿ. ಡಿಕ್ರಿಪ್ಟ್ ಮಾಡಿದರೆ ಆ ಎರಡರಲ್ಲಿ ಯಾವುದು ಬರಬೇಕು?

ಎರಡನೆಯದು ಒಬ್ಬ ವಿದ್ಯಾರ್ಥಿನಿಯದು: "ಪಾಸ್‌ವರ್ಡ್ ಡಿಕ್ರಿಪ್ಟ್ ಆಗದಿದ್ದರೆ ಲಾಗಿನ್ ಹೇಗೆ ಆಗುತ್ತೆ ಸಾರ್?" ತಾಳೆ ನೋಡುವುದರಿಂದ ಆಗುತ್ತದಮ್ಮ. ನೀವು ಈಗ ಟೈಪ್ ಮಾಡಿದ್ದನ್ನು ಅದೇ ಸಾಲ್ಟ್ ಹಾಕಿ ಮತ್ತೆ ಹ್ಯಾಶ್ ಮಾಡುತ್ತಾರೆ. ಇಟ್ಟದ್ದಕ್ಕೂ ಇದಕ್ಕೂ ಹೊಂದಿದರೆ ಒಳಗೆ ಬಿಡುತ್ತಾರೆ. ಅದಕ್ಕೇ ಪಾಸ್‌ವರ್ಡ್ ಮರೆತರೆ ಹೊಸದು ಹಾಕಿಕೊಳ್ಳಿ ಅನ್ನುತ್ತಾರೆ. ನಿಮ್ಮ ಹಳೇ ಪಾಸ್‌ವರ್ಡನ್ನೇ ಯಾವುದಾದರೂ ಸೈಟು ಈಮೇಲ್ ಮಾಡಿದರೆ, ಅವರು ಅದನ್ನು ಹ್ಯಾಶ್ ಮಾಡಿಟ್ಟಿಲ್ಲ ಅಂತ ಅರ್ಥ. ಇನ್ನೊಂದು ವಿಷಯ: ಪಾಸ್‌ವರ್ಡಿಗೆ ಬರೀ ಶಾ-256 ಬೇಡ, ಅದು ತುಂಬ ವೇಗ. ಬೇಕೆಂದೇ ನಿಧಾನವಾಗಿ ಮಾಡಿರುವ ಬಿಕ್ರಿಪ್ಟ್, ಆರ್ಗಾನ್2 ಇವೆ. ಬಿಕ್ರಿಪ್ಟ್ ಹ್ಯಾಶ್ `$2b$12$` ಅಂತ ಶುರುವಾಗಿದ್ದರೆ, ಆ 12 ಅಂದರೆ 2^12, ಅಂದರೆ 4,096 ಸುತ್ತು. ಸಂಖ್ಯೆ ಒಂದು ಜಾಸ್ತಿ ಮಾಡಿದರೆ ಊಹಿಸುವವನ ಕೆಲಸ ಎರಡರಷ್ಟಾಗುತ್ತದೆ.

ಮೂರನೆಯದು ಹಿಂದಿನ ಸಾಲಿನಿಂದ ಬಂತು, ಕೇಳಿದವರ ಮುಖದಲ್ಲಿ ಆತಂಕ ಕಾಣುತ್ತಿತ್ತು. "ನಮ್ಮಲ್ಲಿ ಆಗಲೇ ಫೋನ್ ನಂಬರ್ ಎಲ್ಲಾ ಬರೀ ಶಾ-256 ಮಾಡಿ ಇಟ್ಟಿದ್ದೀವಿ. ಮೂಲ ಇಲ್ಲ. ಈಗೇನ್ಮಾಡೋದು?"

ನಿಮ್ಮ ಸ್ವಂತ ಗ್ರಾಹಕರ ನಂಬರ್, ಇಟ್ಟುಕೊಳ್ಳಲು ಅವರ ಒಪ್ಪಿಗೆ ಇದೆ ಅಂತಾದರೆ, ನೀವೇ ಆ 400 ಕೋಟಿ ಸುತ್ತು ಓಡಿಸಿ ವಾಪಸ್ ಪಡೆಯಿರಿ. ಸಿಗದೇ ಉಳಿದ ಸಾಲುಗಳಲ್ಲಿ ನಂಬರ್ ತಪ್ಪಾಗಿ ಟೈಪ್ ಆಗಿರಬಹುದು, ಸ್ಪೇಸ್ ಸೇರಿರಬಹುದು, ಲ್ಯಾಂಡ್‌ಲೈನ್ ಇರಬಹುದು. 080 ಸೇರಿಸಿ ಇನ್ನೊಮ್ಮೆ ನೋಡಿ. ಸಿಕ್ಕಿದ್ದನ್ನು ಎನ್‌ಕ್ರಿಪ್ಟ್ ಮಾಡಿ ಹೊಸ ಕಾಲಂಗೆ ಹಾಕಿ, ಪಕ್ಕದಲ್ಲಿ ಎಚ್‌ಮ್ಯಾಕ್ ಕಾಲಂ ಮಾಡಿ, ಹಳೇ ಹ್ಯಾಶ್ ಕಾಲಂ ಅಳಿಸಿಬಿಡಿ. ಹಳೇ ಬ್ಯಾಕಪ್ ಫೈಲುಗಳಲ್ಲೂ ಆ ಕಾಲಂ ಇರುತ್ತದೆ, ಟೆಸ್ಟಿಂಗ್‌ಗೆ ಅಂತ ಹೊರಗಿನವರಿಗೆ ಕೊಟ್ಟ ಕಾಪಿಯಲ್ಲೂ ಇರುತ್ತದೆ. ಅವೆಲ್ಲ ಬರೀ ಫೋನ್ ನಂಬರ್ ಪಟ್ಟಿ ಅಂತಲೇ ಲೆಕ್ಕ ಹಿಡಿದು, ಯಾರ್ಯಾರ ಹತ್ತಿರ ಇದೆ ಅಂತ ಸೋಮವಾರವೇ ವಿಚಾರಿಸಿ.